ಹಾಸ್ಟೆಲ್ ಮಾಡಿನ ನೆತ್ತಿ ಮತ್ತೆ ಬಿರುಕು ಬಿಟ್ಟಿದೆ, ಮೃಗಶಿರಾ ಮಳೆ ಹಿಡಿಯೋದ್ರೊಳಗೆ ನಿಮ್ಮ ಕೈ ಬೇಕು

ಹಳೆ ವಿದ್ಯಾರ್ಥಿಗಳಿಗೆ, ಊರ ಹಿರಿಯರಿಗೆ, ಶಿವಮೊಗ್ಗ ಬೆಂಗಳೂರು ಸೇರ್ಕೊಂಡಿರೋ ನಮ್ಮ ಬಳಗದವ್ರಿಗೆಲ್ಲ ನಮಸ್ಕಾರ. ಶಾಲೆ ಹೇಗೆ ಶುರುವಾಯ್ತು, ಹಾಸ್ಟೆಲ್ಲಿಗೆ ಯಾರ ಮನೆ ಬ್ಯಾಣದಿಂದ ಯಾವ ಮರ ಬಂತು, ನೀವೇ ಎಷ್ಟು ಜನ ಲಂಗ ಚಡ್ಡಿ ಹಾಕ್ಕೊಂಡು ಸಾಲಲ್ಲಿ ನಿಂತು ಹಂಚು ದಾಟಿಸಿದ್ರಿ ಅನ್ನೋದನ್ನೆಲ್ಲ ನಾನು ಹೇಳೋ ಅಗತ್ಯ ಇಲ್ಲ. ಹತ್ತನೇ ಕ್ಲಾಸಿನ ರಿಸಲ್ಟ್ ವಿಷಯದಲ್ಲೂ ನಮ್ಮ ಮಕ್ಕಳು ತಲೆ ತಗ್ಗಿಸೋ ಹಾಗೆ ಮಾಡಿಲ್ಲ. ತಲೆ ತಗ್ಗಿಸಬೇಕಾಗಿರೋದು ಸಮಿತಿಯವ್ರಾದ ನಾವು, ಯಾಕಂದ್ರೆ ಮೂರು ವರ್ಷದ ಹಿಂದೆ ಇದೇ ಮಾಡಿನ ನೆತ್ತಿ ರಿಪೇರಿಗೆ ಅಂತ ನಿಮ್ಮ ಹತ್ರ 45 ಸಾವಿರ ತಗೊಂಡಿದ್ವಿ, ಹೋದ ಮಳೆಗಾಲದಲ್ಲಿ ಅದು ಮೊದಲಿಗಿಂತ ಜಾಸ್ತಿ ಸೋರಿತು.

ಎಷ್ಟು ಸೋರಿತು ಅಂದ್ರೆ ಹೆಣ್ಮಕ್ಕಳ ರೂಮಲ್ಲಿ ಟ್ರಂಕುಗಳನ್ನೆಲ್ಲ ಒಂದೇ ಗೋಡೆಗೆ ಒತ್ತಿ ಇಟ್ಟು ಮಧ್ಯದಲ್ಲಿ ಅಡುಗೆಮನೆಯ ಚರಿಗೆ, ತಪ್ಪಲೆ, ಕೊನೆಗೆ ಊಟದ ತಟ್ಟೆನೂ ಇಡಬೇಕಾಯ್ತು. ಏಳನೇ ಕ್ಲಾಸಿನ ಒಂದು ಮಗು, ಅದರ ಮನೆಗೆ ಬಸ್ ಇಳಿದು ಮತ್ತೆ ಕಾಡಲ್ಲಿ ಎರಡು ಗಂಟೆ ನಡೀಬೇಕು, ರಾತ್ರಿ ಎದ್ದು ಎದ್ದು ತಪ್ಪಲೆ ಖಾಲಿ ಮಾಡೋದು ತನ್ನ ಡ್ಯೂಟಿ ಅಂತ ತಾನೇ ತಗೊಂಡಿತ್ತು. ವಾರ್ಡನ್ ಅಕ್ಕ ಇದನ್ನ ಮೀಟಿಂಗಲ್ಲಿ ಹೇಳಿದಾಗ ನಮಗ್ಯಾರಿಗೂ ಮಾತು ಬರಲಿಲ್ಲ.

ಈ ಸಲ ದುಡ್ಡು ಕೇಳೋ ಮುಂಚೆ ಯಾಕೆ ಸೋರ್ತಿದೆ ಅಂತ ತಿಳ್ಕೊಂಡೇ ಕೇಳೋಣ ಅಂತ ತೀರ್ಮಾನ ಮಾಡಿ, ಏಪ್ರಿಲ್ ಮೊದಲ ವಾರ ಆಚಾರ್ರನ್ನ ಕರ್ಕೊಂಡು ನಾನೂ ಏಣಿ ಹತ್ತಿದೆ (ಅರವತ್ತೆರಡರ ವಯಸ್ಸಲ್ಲಿ, ಮನೇಲಿ ಬೈಸ್ಕೊಂಡು). ನಮ್ಮ ಕಟ್ಟಡ 84 ಅಡಿ ಉದ್ದ 24 ಅಡಿ ಅಗಲ, ನಾಲ್ಕೂ ಕಡೆ ಇಳಿಜಾರು, ಅದಕ್ಕೇ ಮೇಲೆ 60 ಅಡಿ ಉದ್ದದ ನೆತ್ತಿ, ಅದರ ಎರಡು ತುದಿಯಿಂದ ನಾಲ್ಕು ಮೂಲೆಗೂ ಓರೆಯಾಗಿ ಇಳಿಯೋ 19 ಅಡಿಯ ನಾಲ್ಕು ಸಾಲು. ನೆತ್ತಿಯದ್ದಕ್ಕೆ ಮೇಸ್ತ್ರಿಗಳು ರಿಡ್ಜ್ ಅಂತಾರೆ, ಮೂಲೆಯದ್ದಕ್ಕೆ ಹಿಪ್ ಅಂತಾರೆ, ಎರಡಕ್ಕೂ ಕವುಚಿ ಹಾಕೋದು ಒಂದೇ ತರದ ಬಾಗಿದ ಹಂಚು. ಮಾಡಿನ ಬೇರೆ ಸಾವಿರಾರು ಹಂಚು ರೀಪಿಗೆ ಕೊಕ್ಕೆ ಹಾಕ್ಕೊಂಡು ಸಡಿಲವಾಗಿ ಕೂತಿರ್ತವೆ, ಅಲ್ಲಾಡಿದ್ರೂ ಏನೂ ಆಗಲ್ಲ. ಗಾರೆ ಹಾಕಿ ಗಟ್ಟಿ ಹಿಡಿಸಿರೋದು ನೆತ್ತಿ ಮತ್ತು ಮೂಲೆ ಮಾತ್ರ, ಬಿರುಕು ಬರೋದೂ ಅಲ್ಲೇ.

ಆಚಾರ್ರು ಬೆರಳ ಗೆಣ್ಣಿಂದ ಒಂದೊಂದೇ ಹಂಚು ಕುಟ್ಟಿ ನೋಡ್ತಾ ಹೋದ್ರು. ಗಾರೆ ಹಿಡ್ಕೊಂಡಿದ್ರೆ ದಪ್ಪ ಸದ್ದು, ಬಿಟ್ಟಿದ್ರೆ ಖಾಲಿ ಮಡಿಕೆ ಸದ್ದು. ನಮ್ಮದು ಮುಕ್ಕಾಲು ಭಾಗ ಖಾಲಿ ಮಡಿಕೆ. ಒಂದು ಹಂಚು ಎತ್ತಿದ್ರು ನೋಡಿ, ಸುತ್ತಿಗೆ ಉಳಿ ಏನೂ ಬೇಕಾಗ್ಲಿಲ್ಲ, ಬರೀ ಕೈಗೆ ಬಂತು. ಹಂಚಿನ ಒಳಮೈ ನಿನ್ನೆ ಭಟ್ಟಿಯಿಂದ ತಂದ ಹಾಗೆ ಕೆಂಪಗೆ ಸ್ವಚ್ಛ, ಒಂದು ಚೂರೂ ಸಿಮೆಂಟ್ ಅಂಟಿಲ್ಲ. ಗಾರೆ ಕೆಳಗೆ ಹಂಚಿನ ಅಚ್ಚಲ್ಲಿ ಬೇರೆಯಾಗಿ, ಕಲ್ಲು ದಿಂಡಿನ ಹಾಗೆ ಕೂತಿದೆ, ಅದನ್ನ ಸರಿಸಿದ್ರೆ ಕೆಳಗಿರೋ ನೆತ್ತಿ ಮರ ಕಪ್ಪಾಗಿ ಉಗುರು ಒತ್ತಿದ್ರೆ ಒಳಗೆ ಹೋಗ್ತಿತ್ತು. ಮಳೆ ನಿಂತು ಆರು ತಿಂಗಳಾಗಿತ್ತು, ಆ ದಿಂಡಿನ ಅಡಿ ಇನ್ನೂ ತಂಪಿತ್ತು!

ಮೂರು ವರ್ಷದ ಹಿಂದೆ ಆದ ತಪ್ಪು ಅಲ್ಲೇ ಓದೋ ಹಾಗಿತ್ತು. ಒಂದು, ಗಟ್ಟಿ ಇರ್ಲಿ ಅಂತ ನಾವೇ ಹೇಳಿ ಒಂದಕ್ಕೆ ಎರಡು ಪಾಲು ಮರಳಿನ ಗಾರೆ ಹಾಕಿಸಿದ್ವಿ. ಸಿಮೆಂಟ್ ಜಾಸ್ತಿ ಆದಷ್ಟೂ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತೆ, ಕುಗ್ಗಿ ಹಂಚಿಂದ ಬಿಟ್ಕೊಳುತ್ತೆ. ಎರಡು, ಏಪ್ರಿಲ್ ಬಿಸಿಲಲ್ಲಿ ಹಂಚನ್ನ ನೀರಲ್ಲಿ ನೆನೆಸದೇ ಕೂರಿಸಿದ್ರು, ಒಣ ಮಣ್ಣಿನ ಹಂಚು ಗಾರೆಯ ನೀರನ್ನೆಲ್ಲ ಕ್ಷಣದಲ್ಲಿ ಹೀರಿಬಿಡುತ್ತೆ, ಮತ್ತೆ ಅದು ಅಂಟೋದಾದ್ರೂ ಹೇಗೆ. ಮೂರನೇದು, ಗಾರೆ ಇರಬೇಕಾದ್ದು ಹಂಚಿನ ಎರಡು ಅಂಚಿನ ಕೆಳಗೆ ಮತ್ತು ಸಂಧಿಯಲ್ಲಿ ಮಾತ್ರ, ಮಧ್ಯ ಟೊಳ್ಳು ಬಿಡಬೇಕು. ನಮ್ಮವ್ರು ಧಾರಾಳವಾಗಿ ಹೊಟ್ಟೆ ತುಂಬಾ ತುಂಬಿದ್ರು, ಅದು ಬಿರುಕಿಂದ ಬಂದ ನೀರನ್ನ ಸ್ಪಂಜಿನ ಹಾಗೆ ಹಿಡಿದಿಟ್ಕೊಂಡು ಮರಕ್ಕೆ ಕುಡಿಸ್ತು.

ಹಾಗಾದ್ರೆ ಈ ಸಲ ಸರಿಯಾಗಿ ಗಾರೆ ಹಾಕಿಸಿದ್ರೆ ಆಯ್ತಲ್ಲ, 45 ಸಾವಿರದಲ್ಲೇ ಮುಗಿಯುತ್ತೆ ಅಂತ ಸಮಿತಿಲೇ ಇಬ್ಬರು ಪಟ್ಟು ಹಿಡಿದ್ರು. ಸರಿಯಾಗಿ ಹಾಕಿದ್ರೆ ಖಂಡಿತ ಜಾಸ್ತಿ ದಿನ ಬರುತ್ತೆ, ಆದ್ರೆ ಬಿರುಕಿನ ಮೂಲ ಕಾರಣ ಹೋಗಲ್ಲ. ನಮ್ಮ 60 ಅಡಿ ಅಂದ್ರೆ 18 ಮೀಟರ್. ಮೇ ತಿಂಗಳ ಮಧ್ಯಾಹ್ನ ಕಾದು ಕೆಂಡವಾಗಿರೋ ನೆತ್ತಿ ಮೇಲೆ ಸಂಜೆ ಒಂದು ಅಡ್ಡಮಳೆ ಸುರಿದ್ರೆ 30 ಡಿಗ್ರಿ ಇಳಿಯೋದು ದೊಡ್ಡ ಮಾತಲ್ಲ. ಅಷ್ಟು ಇಳಿದ್ರೆ 18 ಮೀಟರ್ ಸಿಮೆಂಟ್ ಗಾರೆ ಸುಮಾರು 6 ಮಿಲಿಮೀಟರ್ ಕುಗ್ಗುತ್ತೆ, ಸುಟ್ಟ ಮಣ್ಣಿನ ಹಂಚು ಅದರ ಅರ್ಧದಷ್ಟೇ. ಒಂದು ಓಡುತ್ತೆ ಒಂದು ಓಡಲ್ಲ, ಆ 3 ಮಿಲಿಮೀಟರ್ ವ್ಯತ್ಯಾಸ ಎಲ್ಲಾದ್ರೂ ಹೊರಗೆ ಬೀಳಲೇಬೇಕು, ಹಂಚು ಹಂಚಿನ ಸಂಧಿಯಲ್ಲಿ ಕೂದಲೆಳೆ ಕೂದಲೆಳೆಯಾಗಿ ಬೀಳುತ್ತೆ. ಇದರ ಮೇಲೆ ಮರ ಬೇರೆ. ಮರ ಉದ್ದಕ್ಕೆ ಬೆಳೆಯಲ್ಲ, ದಪ್ಪಕ್ಕೆ ಊದುತ್ತೆ, 8 ಇಂಚಿನ ನೆತ್ತಿ ಮರ ನಮ್ಮ ಮಳೆಗಾಲದ ಶೀತಕ್ಕೆ 2-3 ಮಿಲಿಮೀಟರ್ ಎತ್ತರ ಆಗಿ ಬೇಸಿಗೇಲಿ ಮತ್ತೆ ಇಳಿಯುತ್ತೆ. ಅಂದ್ರೆ ಪ್ರತಿ ವರ್ಷ ಯಾರೋ ಕೆಳಗಿಂದ ಗಾರೆಯನ್ನ ಒಂದ್ಸಲ ಎತ್ತಿ ಇಳಿಸಿದ ಹಾಗೆ. ಮೇಲಿಂದ ಮಂಗಗಳು ಹಾರೋದು ಬೇರೆ ಲೆಕ್ಕ.

ಹಳೆ ಕಾಲದ ಸುಣ್ಣದ ಗಾರೆ ನಲವತ್ತು ವರ್ಷ ಯಾಕೆ ಬಂತು ಅಂದ್ರೆ ಅದು ಮೆದು, ಸ್ವಲ್ಪ ಬಾಗುತ್ತೆ, ಸಣ್ಣ ಬಿರುಕನ್ನ ತಾನೇ ಮುಚ್ಕೊಳುತ್ತೆ. ಹಿರಿಯರೊಬ್ಬರು ಅದನ್ನೇ ಹಾಕಿ ಅಂತ ಫೋನ್ ಮಾಡಿದ್ರು, ನನಗೂ ಆಸೆನೇ. ಆದ್ರೆ ಸುಣ್ಣ ಗಟ್ಟಿಯಾಗಕ್ಕೆ ತಿಂಗಳುಗಟ್ಟಲೆ ಬೇಕು, ನಮ್ಮ ಕೈಲಿರೋದು ಐದು ವಾರ, ಅದನ್ನ ಕಲಸಿ ಹದ ಮಾಡೋ ಕೈಗಳೂ ಈಗ ನಮ್ಮೂರಲ್ಲಿಲ್ಲ.

ಇಂಗ್ಲೆಂಡಲ್ಲಿರೋ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು (ಹೆಸರು ಬೇಡ ಅಂದಿದಾರೆ, ಕಟ್ಟಡದ ಕೆಲಸದಲ್ಲೇ ಇರೋರು) ಒಂದು ಮಾತು ಹೇಳಿದ್ರು. ಅಲ್ಲಿಯ ಹಂಚಿನ ಮಾಡಿನ ನಿಯಮ ಬಿಎಸ್ 5534 ಅಂತ, 2014ರಲ್ಲಿ ಅದನ್ನ ಬದಲಾಯಿಸಿ ನೆತ್ತಿ ಮತ್ತು ಮೂಲೆ ಹಂಚು ಬರೀ ಗಾರೆ ನಂಬ್ಕೊಂಡು ಇರಬಾರದು, ಸ್ಕ್ರೂ ಅಥವಾ ಕ್ಲಿಪ್ಪಲ್ಲಿ ಮರಕ್ಕೆ ಬಿಗೀಲೇಬೇಕು ಅಂತ ಮಾಡಿದಾರಂತೆ. ಗಾಳಿ ಎತ್ತಿದಾಗ ಗಾರೆ ಎಳೆತ ತಡೆಯಲ್ಲ ಅನ್ನೋದು ಕಾರಣ. ಅದರಿಂದ ಬಂದಿದ್ದೇ ಡ್ರೈ ಫಿಕ್ಸಿಂಗ್ ಯೋಚನೆ, ಅಂದ್ರೆ ಗಾರೆ ಇಲ್ಲದೇ ಕೂರಿಸೋದು.

ಕೆಲಸ ಹೀಗೆ. ಹಳೆ ಗಾರೆ ಪೂರ್ತಿ ತೆಗೆದು ನೆತ್ತಿ ಮರದ ಮೇಲೆ ಕಬ್ಬಿಣದ ಪಟ್ಟಿಯಲ್ಲಿ ಒಂದು ಉದ್ದನೆ ರೀಪು ಎತ್ತರಿಸಿ ಕೂರಿಸ್ತಾರೆ. ಅದರ ಮೇಲಿಂದ ಎರಡೂ ಕಡೆ ಹಂಚಿಗೆ ಇಳಿಯೋ ಹಾಗೆ ಅಂಚಲ್ಲಿ ಅಂಟು ಇರೋ, ನೀರು ತಡೆಯೋ ಹಾಳೆಯ ರೋಲ್ ಹಾಸಿ, ಹಂಚಿನ ಏರು ತಗ್ಗಿಗೆ ಬೆರಳಲ್ಲಿ ಒತ್ತಿ ಒತ್ತಿ ಅಂಟಿಸ್ತಾರೆ. ಆಮೇಲೆ ಬಾಗಿದ ಹಂಚನ್ನ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಇಟ್ಟು, ತೂತು ಮಾಡಿ, ರಬ್ಬರ್ ವಾಶರ್ ಇರೋ ಸ್ಟೇನ್‌ಲೆಸ್ ಸ್ಕ್ರೂಲಿ ರೀಪಿಗೆ ಬಿಗೀತಾರೆ. ಹಂಚು ಮಳೆ ಬಿಸಿಲು ತಡೆಯುತ್ತೆ, ಒಳಗೆ ಬಂದ ಅಷ್ಟಿಷ್ಟು ನೀರನ್ನ ರೋಲ್ ಹೊರಗೆ ಇಳಿಸುತ್ತೆ, ಮರ ಊದಿದ್ರೂ ಒಡೆಯಕ್ಕೆ ಅಲ್ಲಿ ಏನೂ ಇಲ್ಲ. ಮೂಲೆ ಸಾಲಲ್ಲಿ ಕೆಳಗಿಂದ ಮೇಲಕ್ಕೆ ಬರಬೇಕು, ತೀರಾ ಕೆಳಗಿನ ಹಂಚಿಗೆ ಕಬ್ಬಿಣದ ಕೊಕ್ಕೆ ಬೇಕೇ ಬೇಕು, ಇಲ್ಲಾಂದ್ರೆ ಮೇಲಿನದೆಲ್ಲ ಸೇರಿ ಅದನ್ನ ಕೆಳಗೆ ತಳ್ಳುತ್ತೆ. ನಮ್ಮ ಪಡುವಣ ಮೂಲೆಲಿ, ಮಳೆ ಗಾಳಿ ಹೊಡೆಯೋ ಕಡೆ, ಆಗ್ಲೇ ಎರಡು ಬೆರಳು ಜಾರಿದೆ.

ಇದೂ ಮಂತ್ರ ಅಲ್ಲ. ರೋಲಿನ ಅಂಟು ಒದ್ದೆ ಹಂಚಿಗೆ, ಧೂಳಿಗೆ, ಹಾವಸೆಗೆ ಹಿಡಿಯಲ್ಲ, ಅದಕ್ಕೇ ಬ್ರಷ್ ಹಾಕಿ ಉಜ್ಜಿ ಒಣ ದಿನದಲ್ಲೇ ಮಾಡಬೇಕು, ಮಳೆ ಹಿಡಿದ್ರೆ ಈ ವರ್ಷ ಮುಗೀತು. ನೆತ್ತಿ ಹಂಚು ಕೆಳಗಿನ ಹಂಚಿನ ಮೇಲೆ ಎರಡೂ ಕಡೆ 3 ಇಂಚಾದ್ರೂ ಬರದಿದ್ರೆ ಎರಚಲು ಒಳಗೇ ಬರುತ್ತೆ. ಮತ್ತೆ ಮರ ಕುಸಿದಿದ್ರೆ ಯಾವ ಸ್ಕ್ರೂನೂ ಕಾಪಾಡಲ್ಲ. ಆಚಾರ್ರು ಈ ತುದಿಯಿಂದ ಆ ತುದಿಗೆ ದಾರ ಎಳೆದು ನೋಡಿದ್ರು, ಮಧ್ಯದಲ್ಲಿ ಒಂದು ಇಂಚು ತಗ್ಗಿದೆ. ಸಂಧಿ ಸಂಧಿಗೂ ಅಡ್ಡ ಬಿರುಕಿದ್ರೆ ಅದು ಬಿಸಿಲು ಗಾರೆ ಜಗಳ, ಆದ್ರೆ ಒಂದೇ ಜಾಗದಲ್ಲಿ ಗಾರೆಗೂ ಕೆಳಗಿನ ಹಂಚಿಗೂ ನಡುವೆ ಉದ್ದುದ್ದ ಬಾಯಿ ಬಿಟ್ಟಿದ್ರೆ ಮರ ಕೆಳಗೆ ಹೋಗಿದೆ ಅಂತ ಅರ್ಥ ಅಂದ್ರು. ನಮ್ಮಲ್ಲಿ ಎರಡೂ ಇದೆ. ನೀರು ಮಾತ್ರ ಬಿರುಕಿನ ಕೆಳಗೆ ಬೀಳದೇ ಪಕಾಸಿ ಹಿಡ್ಕೊಂಡು ಆರಡಿ ಆಚೆ ಗೋಡೇಲಿ ಇಳೀತಿತ್ತು, ಇಷ್ಟು ವರ್ಷ ನಾವು ಗೋಡೆಗೆ ಬಣ್ಣ ಬಳಿಸ್ತಾ ಕೂತಿದ್ವಿ ಮಾರಾಯ್ರೆ.

ಲೆಕ್ಕ ಹೇಳ್ತೀನಿ, ಹೆಚ್ಚುಕಮ್ಮಿ ಆಗಬಹುದು. ನೆತ್ತಿ ಮೂಲೆ ಎಲ್ಲ ಸೇರಿ 136 ಅಡಿ, ಒಡೆಯೋದೂ ಸೇರಿ 130 ಬಾಗಿದ ಹಂಚು, ರೋಲ್, ಸ್ಕ್ರೂ, ಪಟ್ಟಿ, ಕೊಕ್ಕೆ, ನೆತ್ತಿ ಮರದ ಕೆಟ್ಟ 12 ಅಡಿ ಬದಲಾಯಿಸಿ ಮಧ್ಯಕ್ಕೆ ಒಂದು ಆಸರೆ, ಕೂಲಿ, ಅಟ್ಟಣಿಗೆ ಎಲ್ಲ ಸೇರಿ 1.9 ಲಕ್ಷದ ಆಸುಪಾಸು. ಸಮಿತಿಯವ್ರು ಹಾಕ್ಕೊಂಡಿದ್ದು, ಅಡಿಕೆ ಕೊಟ್ಟೋರದ್ದು ಸೇರಿ 60 ಸಾವಿರ ಆಗಿದೆ. ಉಳಿದ 1.3 ಲಕ್ಷ ನಿಮ್ಮಿಂದ ಬರಬೇಕು, ಮೇ ಹತ್ತರೊಳಗೆ ಬಂದ್ರೆ ಜೂನ್ ಮೊದಲ ವಾರದೊಳಗೆ ಮುಗಿಸ್ತೀವಿ, ಮೃಗಶಿರಾ ಹುಟ್ಟೋದು ಜೂನ್ 7-8ಕ್ಕೆ. ದುಡ್ಡೇ ಆಗಬೇಕಂತಿಲ್ಲ, ಹಲಸು ಭೋಗಿಯ ಒಣಗಿದ ಮರ ಮನೇಲಿದ್ರೆ ಅದೂ ಆಗುತ್ತೆ, ಹಸಿ ಮರ ಮಾತ್ರ ಬೇಡ.

ಖಾತೆ ನಂಬರ್ ಗ್ರೂಪಲ್ಲಿ ಹಾಕಿರೋದೇ, ಬದಲಾಗಿಲ್ಲ. ಕೈಗೆ ಬಂದ ಆ ಹಂಚು ಮತ್ತು ಅದರ ಗಾರೆ ದಿಂಡನ್ನ ಆಫೀಸಿನ ಮೇಜಿನ ಮೇಲೆ ಇಟ್ಟಿದೀನಿ, ಹೋದ ಸಲದ 45 ಸಾವಿರಕ್ಕೆ ಲೆಕ್ಕ ಕೇಳಬೇಕು ಅನ್ನಿಸಿದೋರು ಬಂದು ಕೈಯಲ್ಲಿ ಹಿಡಿದು ನೋಡಬಹುದು.

ಇಂತಿ, ಕಟ್ಟಡ ಸಮಿತಿ ಪರವಾಗಿ ಕಾರ್ಯದರ್ಶಿ