ಸ್ಕ್ಯಾಟರ್ ಪ್ಲಾಟ್ ಫೋಟೋಗೆ ನೀಡಿದ ತಪ್ಪು ಉತ್ತರಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ,
ಆನ್‌ಲೈನ್ ಗಣಿತ ಉತ್ತರ ಸೇವೆ

ವಿಷಯ: ಟ್ರೆಂಡ್ ಲೈನಿನ ಇಳಿಜಾರು ಮತ್ತು ಮುನ್ನಂದಾಜು ಬೆಲೆಯನ್ನು ನಿಮ್ಮ ಇಬ್ಬರು ವಿಷಯತಜ್ಞರು ಎರಡು ಬಗೆಯಲ್ಲಿ ತಪ್ಪಾಗಿ ಹೇಳಿರುವುದು, ಮತ್ತು ಆ ತಪ್ಪಿಗೆ ಫೋಟೋವನ್ನು ಹೊಣೆ ಮಾಡಿರುವುದು.

ಮಾನ್ಯರೇ,

ನಾನು ಪ್ರೌಢಶಾಲೆಯ ಗಣಿತ ಶಿಕ್ಷಕಿ. ನನ್ನ ವಿದ್ಯಾರ್ಥಿಗಳು ಶಾಲೆಯ ಹೊರಗೂ ಸಂದೇಹ ಪರಿಹರಿಸಿಕೊಳ್ಳಲೆಂದು ನಿಮ್ಮ ಸೇವೆಗೆ ಚಂದಾ ಕಟ್ಟಿದ್ದೇನೆ. ಅವರಲ್ಲೊಬ್ಬಳು ಮುದ್ರಿತ ಅಭ್ಯಾಸದ ಹಾಳೆಯಲ್ಲಿದ್ದ ಒಂದು ಸ್ಕ್ಯಾಟರ್ ಪ್ಲಾಟಿನ ಫೋಟೋ ತೆಗೆದು ನಿಮಗೆ ಕಳುಹಿಸಿದ್ದಳು. ಅದಕ್ಕೆ ಬಂದ ಮೊದಲ ಉತ್ತರವನ್ನು ನಾನು ಪ್ರಶ್ನಿಸಿದಾಗ ಎರಡನೆಯ ಉತ್ತರ ಬಂತು. ಅದನ್ನೂ ಪ್ರಶ್ನಿಸಿದಾಗ, ಫೋಟೋ ಓರೆಯಾಗಿದ್ದರಿಂದ ನಿಖರತೆಗೆ ತಾವು ಜವಾಬ್ದಾರರಲ್ಲ ಎಂದು ನಿಮ್ಮ ಗ್ರಾಹಕ ಸೇವಾ ವಿಭಾಗ ತಿಳಿಸಿ ದೂರನ್ನು ಮುಕ್ತಾಯಗೊಳಿಸಿತು. ಆ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಆ ಚಿತ್ರವನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಚಿತ್ರದಲ್ಲಿರುವುದು ಸಸಿಗಳನ್ನು ನೆಟ್ಟ ಮೇಲೆ ಕಳೆದ ದಿನಗಳು ಮತ್ತು ಅವುಗಳ ಎತ್ತರ. ಅಡ್ಡಲಾಗಿರುವ x-ಅಕ್ಷದಲ್ಲಿ ದಿನಗಳಿದ್ದು, ಅದು 5ರಿಂದ ಆರಂಭವಾಗಿ 40ಕ್ಕೆ ಮುಗಿಯುತ್ತದೆ. ಒಂದು ಚೌಕಕ್ಕೆ ಒಂದು ದಿನ. ಲಂಬವಾಗಿರುವ y-ಅಕ್ಷದಲ್ಲಿ ಸೆಂಟಿಮೀಟರ್‌ಗಳಲ್ಲಿ ಎತ್ತರವಿದ್ದು, ಅದು 20ರಿಂದ ಆರಂಭವಾಗುತ್ತದೆ. ಒಂದು ಚೌಕಕ್ಕೆ 2 ಸೆಂ.ಮೀ. ಟ್ರೆಂಡ್ ಲೈನನ್ನು ಹಾಳೆಯಲ್ಲಿ ಮೊದಲೇ ಎಳೆದುಕೊಟ್ಟಿದ್ದಾರೆ. ರೇಖೆಯ ಇಳಿಜಾರು ಎಷ್ಟು, 36ನೆಯ ದಿನ ಸಸಿಯ ಎತ್ತರ ಸುಮಾರು ಎಷ್ಟಿರಬಹುದು ಎಂಬುದಷ್ಟೇ ಪ್ರಶ್ನೆ.

ನಿಮ್ಮ ಮೊದಲ ತಜ್ಞರು ಚಿತ್ರದ ಎಡತುದಿಯ ಚುಕ್ಕೆಯನ್ನೂ ಬಲತುದಿಯ ಚುಕ್ಕೆಯನ್ನೂ ಆರಿಸಿಕೊಂಡರು. ಅವು (7, 31) ಮತ್ತು (35, 57). ಎತ್ತರದ ವ್ಯತ್ಯಾಸವಾದ 26ನ್ನು ದಿನಗಳ ವ್ಯತ್ಯಾಸವಾದ 28ರಿಂದ ಭಾಗಿಸಿ, ಇಳಿಜಾರು 0.93 ಎಂದು ಬರೆದರು. ಭಾಗಾಕಾರ ಸರಿಯಾಗಿದೆ, ಆದರೆ ಕೇಳಿದ್ದು ರೇಖೆಯ ಇಳಿಜಾರು, ಎರಡು ಸಸಿಗಳ ನಡುವಿನ ಇಳಿಜಾರಲ್ಲ. ಆ ಎರಡು ಚುಕ್ಕೆಗಳಲ್ಲಿ ಒಂದೂ ರೇಖೆಯ ಮೇಲಿಲ್ಲ. 7ನೆಯ ದಿನ ರೇಖೆಯ ಎತ್ತರ 28ಕ್ಕಿಂತ ತುಸು ಮೇಲಿದ್ದರೆ ಚುಕ್ಕೆ 31ರಲ್ಲಿದೆ. 35ನೆಯ ದಿನ ರೇಖೆ 62ರಲ್ಲಿದ್ದರೆ ಚುಕ್ಕೆ 57ರಲ್ಲೇ ಉಳಿದಿದೆ. ಎಡಗಡೆಯ ಚುಕ್ಕೆ ರೇಖೆಗಿಂತ ಮೇಲೆ, ಬಲಗಡೆಯದು ಕೆಳಗೆ ಇರುವುದರಿಂದ, ಅವೆರಡನ್ನು ಸೇರಿಸುವ ಗೆರೆ ಟ್ರೆಂಡ್ ಲೈನಿಗಿಂತ ಚಪ್ಪಟೆಯಾಗಲೇಬೇಕು. ನಡುವೆ ಚದುರಿರುವ ಉಳಿದ ಚುಕ್ಕೆಗಳೆಲ್ಲವನ್ನೂ ಗಣನೆಗೆ ತೆಗೆದುಕೊಂಡು ಎಳೆದ ರೇಖೆಯನ್ನು ಬದಿಗಿಟ್ಟು, ತುದಿಯಲ್ಲಿರುವ ಎರಡು ಸಸಿಗಳನ್ನೇ ನಂಬಿದಂತಾಯಿತು.

ಇಳಿಜಾರನ್ನು ಓದಬೇಕಾದುದು ಗ್ರಾಫ್ ಹಾಳೆಯ ಗೆರೆಗಳು ಕೂಡುವ ಮೂಲೆಗಳ ಮೇಲೆಯೇ ರೇಖೆ ಹಾದುಹೋಗುವ ಎರಡು ಸ್ಥಳಗಳಿಂದ. ಈ ಚಿತ್ರದಲ್ಲಿ ಅಂಥ ಸ್ಥಳಗಳು ಹುಡುಕದೆಯೇ ಕಣ್ಣಿಗೆ ಬೀಳುತ್ತವೆ: 10ನೆಯ ದಿನ 32 ಸೆಂ.ಮೀ, 30ನೆಯ ದಿನ 56 ಸೆಂ.ಮೀ. ಇಪ್ಪತ್ತು ದಿನಗಳಲ್ಲಿ 24 ಸೆಂ.ಮೀ ಏರಿಕೆ ಎಂದರೆ ಇಳಿಜಾರು 1.2, ಅಂದರೆ ದಿನಕ್ಕೆ 1.2 ಸೆಂ.ಮೀ.

ಅದೇ ಉತ್ತರದಲ್ಲಿ ಎರಡನೆಯ ತಪ್ಪೂ ಇದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದು ಮೊದಲನೆಯದಕ್ಕಿಂತ ಗಂಭೀರವಾದುದು. ರೇಖೆಯು ಚಿತ್ರದ ಎಡ ಅಂಚನ್ನು 26ರಲ್ಲಿ ಮುಟ್ಟುತ್ತದೆ ಎಂಬುದನ್ನು ನೋಡಿ ತಜ್ಞರು ಸಮೀಕರಣವನ್ನು `y = 26 + 0.93x` ಎಂದು ಬರೆದಿದ್ದಾರೆ. ಎಡ ಅಂಚು ಇಲ್ಲಿ ಸೊನ್ನೆಯ ದಿನವಲ್ಲ, ಐದನೆಯ ದಿನ; ಅಂಚಿನ ಕೆಳಗೆ 5 ಎಂದು ಅಚ್ಚಾಗಿದೆ. ಸೊನ್ನೆಯ ದಿನದ ಬೆಲೆ ಬೇಕಿದ್ದರೆ 10ನೆಯ ದಿನದ 32ರಿಂದ ಹತ್ತು ದಿನಗಳ ಏರಿಕೆಯಾದ 12ನ್ನು ಕಳೆಯಬೇಕು, ಉಳಿಯುವುದು 20. ಹಾಗಾಗಿ ಸರಿಯಾದ ಸಮೀಕರಣ `y = 20 + 1.2x`. ಅಕ್ಷವು ಸೊನ್ನೆಯಿಂದ ಆರಂಭವಾಗದ ಚಿತ್ರಗಳಲ್ಲಿ ಮಕ್ಕಳು ಎಡವುವುದು ಇಲ್ಲಿಯೇ. ಆ ಎಡವಟ್ಟನ್ನು ತಿದ್ದಲೆಂದೇ ಇರುವ ಸೇವೆ ತಾನೇ ಅದರಲ್ಲಿ ಬಿದ್ದರೆ ಯಾರನ್ನು ಕೇಳುವುದು?

`y = 26 + 0.93x` ಎಂಬ ತಪ್ಪು ಸಮೀಕರಣದಿಂದ 36ನೆಯ ದಿನಕ್ಕೆ ನಿಮ್ಮ ತಜ್ಞರು ಕೊಟ್ಟ ಬೆಲೆ 59.5 ಸೆಂ.ಮೀ. ಅದನ್ನು ಕಳುಹಿಸುವ ಮುನ್ನ 36ರ ಗೆರೆಯಲ್ಲಿ ಬೆರಳಿಟ್ಟು ಮೇಲಕ್ಕೆ ಸಾಗಿ, ರೇಖೆ ಸಿಕ್ಕಲ್ಲಿಂದ ಎಡಕ್ಕೆ ತಿರುಗಿದ್ದರೆ 63ರ ಸುಮಾರಿಗೆ ಬಂದು ನಿಲ್ಲುತ್ತಿದ್ದರು. ಸಮೀಕರಣ ಒಂದು ಬೆಲೆಯನ್ನೂ ರೇಖೆ ಇನ್ನೊಂದನ್ನೂ ಹೇಳಿದರೆ ತಪ್ಪಿರುವುದು ಸಮೀಕರಣದಲ್ಲಿ. ಅರ್ಧ ನಿಮಿಷದ ಈ ತಾಳೆಯನ್ನು ಯಾರೂ ನೋಡಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ: ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ 1.2 ಎಂದು ತಾನಾಗಿಯೇ ಸರಿಯಾಗಿ ಬರೆದಿದ್ದಳು. ನಿಮ್ಮ ಉತ್ತರ ಬಂದ ಮೇಲೆ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 0.93 ಎಂದು ಬರೆದಿದ್ದಾಳೆ.

ಈಗ ಫೋಟೋದ ವಿಷಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಎರಡು ತಪ್ಪುಗಳಿಗೂ ಫೋಟೋದ ಓರೆಗೂ ಯಾವ ಸಂಬಂಧವೂ ಇಲ್ಲ. ಹಾಳೆಯನ್ನು ಸ್ಕ್ಯಾನ್ ಮಾಡಿ ಕಳುಹಿಸಿದ್ದರೂ ಅವು ಹಾಗೆಯೇ ಇರುತ್ತಿದ್ದವು. ಓರೆ ತೊಂದರೆ ಕೊಟ್ಟಿರುವುದು ಎರಡನೆಯ ತಜ್ಞರಿಗೆ. ಅದೂ ಅವರು ಆರಿಸಿಕೊಂಡ ವಿಧಾನದಿಂದಾಗಿ. ಅವರು ರೇಖೆಯ ಮೇಲಿನ ಸರಿಯಾದ ಸ್ಥಳಗಳನ್ನೇ ಹಿಡಿದರು, ಎತ್ತರಗಳನ್ನು ಅಕ್ಷದ ಅಂಕಿಗಳಿಂದ 32 ಮತ್ತು 56 ಎಂದು ಸರಿಯಾಗಿಯೇ ಓದಿದರು. ಆದರೆ ದಿನಗಳನ್ನು ಮಾತ್ರ ಪರದೆಯ ಮೇಲೆ ಪಿಕ್ಸೆಲ್‌ಗಳಲ್ಲಿ ಅಳೆದರು. 5ರಿಂದ 10ರವರೆಗಿನ ಅಂತರ 110 ಪಿಕ್ಸೆಲ್ ಇದ್ದುದರಿಂದ ಒಂದು ದಿನಕ್ಕೆ 22 ಪಿಕ್ಸೆಲ್ ಎಂದು ನಿಗದಿಪಡಿಸಿ, ಅದೇ ಅಳತೆಯನ್ನು ಚಿತ್ರದ ಉದ್ದಕ್ಕೂ ಬಳಸಿದರು.

ಹಾಳೆಯ ಬಲ ಅಂಚು ಕ್ಯಾಮೆರಾದಿಂದ ದೂರವಿದ್ದಾಗ ಅತ್ತ ಕಡೆಯ ಚೌಕಗಳು ಫೋಟೋದಲ್ಲಿ ಕಿರಿದಾಗುತ್ತವೆ. ಈ ಫೋಟೋದಲ್ಲಿ ಎಡಗಡೆಯ ಐದು ದಿನಗಳಿಗೆ 110 ಪಿಕ್ಸೆಲ್ ಇದ್ದರೆ, ಬಲಗಡೆ 35ರಿಂದ 40ರವರೆಗಿನ ಐದು ದಿನಗಳಿಗೆ ಇರುವುದು 93 ಮಾತ್ರ. ಎಡ ಅಂಚಿನಿಂದ 30ನೆಯ ದಿನದ ಗೆರೆಗೆ 520 ಪಿಕ್ಸೆಲ್. ಅದನ್ನು 22ರಿಂದ ಭಾಗಿಸಿ 5ನ್ನು ಕೂಡಿಸಿದಾಗ 28.6 ಬರುತ್ತದೆ. ಆ ಗೆರೆಯ ಬುಡದಲ್ಲೇ 30 ಎಂದು ಅಚ್ಚಾಗಿದ್ದರೂ ಅದನ್ನು 28.6 ಎಂದು ಪರಿಗಣಿಸಲಾಗಿದೆ. ಏರಿಕೆಯ 24ನ್ನು 20ರ ಬದಲು 18.6ರಿಂದ ಭಾಗಿಸಿದ್ದರಿಂದ ಇಳಿಜಾರು 1.29ಕ್ಕೆ ಏರಿತು, ಮುನ್ನಂದಾಜು 65.548 ಸೆಂ.ಮೀ ಆಯಿತು. ಒಂದೇ ಚಿತ್ರಕ್ಕೆ ನಿಮ್ಮ ಸಂಸ್ಥೆಯ ಎರಡು ಉತ್ತರಗಳ ನಡುವೆ ಆರು ಸೆಂ.ಮೀ ಅಂತರವಿದೆ, ಸರಿಯಾದ ಬೆಲೆ ಅವೆರಡರ ನಡುವೆ ಇದೆ.

ಓರೆ ಫೋಟೋದಲ್ಲಿ ಸರಳ ರೇಖೆ ಸರಳ ರೇಖೆಯಾಗಿಯೇ ಕಾಣುತ್ತದೆ (ಕ್ಯಾಮೆರಾದ ಮಸೂರ ತಾನಾಗಿ ಬಾಗಿಸದಿದ್ದರೆ). ಆದ್ದರಿಂದ ಟ್ರೆಂಡ್ ಲೈನನ್ನು ನೋಡಿ ಚಿತ್ರ ವಾಲಿದೆಯೆಂದು ತಿಳಿಯುವುದಿಲ್ಲ. ಮೊದಲ ಚೌಕದ ಅಗಲವನ್ನು ಕೊನೆಯ ಚೌಕದ ಅಗಲದೊಂದಿಗೆ ಹೋಲಿಸಿದರೆ ತಿಳಿಯುತ್ತದೆ. ಇನ್ನೊಂದೆಡೆ, ರೇಖೆಯು ಹಾಳೆಯಲ್ಲಿ ಯಾವ ಮೂಲೆಯನ್ನು ದಾಟಿದೆಯೋ ಎಷ್ಟೇ ಓರೆಯಾದ ಫೋಟೋದಲ್ಲಿಯೂ ಅದೇ ಮೂಲೆಯನ್ನು ದಾಟುತ್ತದೆ. ಗೆರೆಗಳನ್ನೂ ಅಂಕಿಗಳನ್ನೂ ಹಿಡಿದು ಓದುವವರಿಗೆ ಓರೆ ಅಡ್ಡಿಯಾಗುವುದಿಲ್ಲ. ಪಿಕ್ಸೆಲ್ ಅಳೆಯುವವರಿಗಷ್ಟೇ ಆಗುತ್ತದೆ. ಚಿತ್ರದಲ್ಲಿ ಗ್ರಾಫ್ ಗೆರೆಗಳೇ ಇಲ್ಲದೆ ಅಳೆಯುವುದು ಅನಿವಾರ್ಯವಾಗಿದ್ದರೆ, ಮೊದಲು ನಾಲ್ಕು ಮೂಲೆಗಳನ್ನು ಗುರುತಿಸಿ ಚಿತ್ರವನ್ನು ಆಯತಾಕಾರಕ್ಕೆ ಸರಿಪಡಿಸಿ ಆಮೇಲೆ ಅಳೆಯಬೇಕಿತ್ತು. ಇಲ್ಲಿ ಅದರ ಅಗತ್ಯವೂ ಇರಲಿಲ್ಲ, ಏಕೆಂದರೆ ಎಲ್ಲ ಗೆರೆಗಳೂ ಎಲ್ಲ ಅಂಕಿಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

65.548 ಎಂಬ ಅಂಕಿಯ ಕೊನೆಯ ಸ್ಥಾನಗಳ ಬಗ್ಗೆಯೂ ಒಂದು ಮಾತು. ಎರಡು ಸೆಂ.ಮೀ ಎತ್ತರದ ಚೌಕದಲ್ಲಿ ಕಣ್ಣಂದಾಜಿನಿಂದ ಕಾಲು ಚೌಕ, ಅಂದರೆ ಅರ್ಧ ಸೆಂ.ಮೀ ಹೆಚ್ಚುಕಡಿಮೆಯಾಗುವುದು ಸಹಜ. ಎರಡೂ ಓದುಗಳಲ್ಲಿ ಅಷ್ಟು ವ್ಯತ್ಯಾಸವಾದರೂ, ಅವುಗಳ ನಡುವೆ ಇಪ್ಪತ್ತು ದಿನಗಳಿರುವುದರಿಂದ ಇಳಿಜಾರು 1.15 ಮತ್ತು 1.25ರ ಒಳಗೇ ಉಳಿಯುತ್ತದೆ, 36ನೆಯ ದಿನದ ಬೆಲೆ ಸುಮಾರು 62.4ರಿಂದ 64ರವರೆಗೆ ಬರುತ್ತದೆ. ಐದೇ ದಿನಗಳ ಅಂತರದ ಸ್ಥಳಗಳನ್ನು ಆರಿಸಿಕೊಂಡಿದ್ದರೆ ಅದೇ ಅರ್ಧ ಸೆಂ.ಮೀ ಇಳಿಜಾರನ್ನು 1.0ರಿಂದ 1.4ರವರೆಗೆ ಎಳೆದಾಡುತ್ತಿತ್ತು, ದೂರದ ಸ್ಥಳಗಳನ್ನು ಆರಿಸಿಕೊಳ್ಳಿ ಎಂದು ನಾವು ಮಕ್ಕಳಿಗೆ ಹೇಳುವುದು ಇದಕ್ಕಾಗಿಯೇ. ಹೀಗಿರುವಾಗ "ಸುಮಾರು 63 ಸೆಂ.ಮೀ" ಎಂಬುದು ಪ್ರಾಮಾಣಿಕ ಉತ್ತರ. ದಶಮಾಂಶದ ಮೂರು ಸ್ಥಾನಗಳು ಚಿತ್ರದಿಂದ ಬಂದವಲ್ಲ, ಕ್ಯಾಲ್ಕುಲೇಟರಿನಿಂದ ಬಂದವು.

ಫೋಟೋ ನಿಜಕ್ಕೂ ಓದಲಾಗದಂತಿದ್ದರೆ ಬೇರೆ ಫೋಟೋ ಕೇಳುವ ಅವಕಾಶ ನಿಮ್ಮ ವ್ಯವಸ್ಥೆಯಲ್ಲಿದೆ. ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಉತ್ತರ ಕೊಡುವಾಗ ಇಲ್ಲದ ಸಂದೇಹ, ಉತ್ತರವನ್ನು ಪ್ರಶ್ನಿಸಿದಾಗ ಮಾತ್ರ ಹುಟ್ಟಿಕೊಂಡಿದೆ.

ಆದಕಾರಣ ಈ ಎರಡೂ ಉತ್ತರಗಳನ್ನು ನಿಮ್ಮ ದಾಖಲೆಯಿಂದ ಹಿಂತೆಗೆದು, ಯಾವ ಎರಡು ಸ್ಥಳಗಳಿಂದ ಇಳಿಜಾರನ್ನು ಪಡೆಯಲಾಯಿತು ಎಂಬುದನ್ನು ಚಿತ್ರದ ಮೇಲೆಯೇ ಗುರುತಿಸಿದ ಸರಿಯಾದ ಉತ್ತರವನ್ನು ವಿದ್ಯಾರ್ಥಿನಿಯ ಖಾತೆಗೆ ಕಳುಹಿಸಬೇಕು. ಇಂಥ ಪ್ರಶ್ನೆಗಳಿಗೆ ಉತ್ತರ ಬರೆಯುವವರು ಅಕ್ಷಗಳ ಆರಂಭದ ಅಂಕಿಯನ್ನೂ ಒಂದು ಚೌಕದ ಬೆಲೆಯನ್ನೂ ಮೊದಲ ಸಾಲಿನಲ್ಲೇ ನಮೂದಿಸುವಂತೆ, ಮುನ್ನಂದಾಜನ್ನು ರೇಖೆಯ ಮೇಲೆ ನೇರವಾಗಿ ಓದಿ ತಾಳೆ ನೋಡಿದ ಬಳಿಕವೇ ಕಳುಹಿಸುವಂತೆ ಸೂಚನೆ ನೀಡಬೇಕು. ಮುಕ್ತಾಯಗೊಳಿಸಿದ ದೂರನ್ನು ಮತ್ತೆ ತೆರೆದು, ಈ ತಿಂಗಳ ಚಂದಾ ಹಣವನ್ನು ಹಿಂತಿರುಗಿಸಬೇಕೆಂದೂ ಕೋರುತ್ತೇನೆ. ಮೂಲ ಫೋಟೋ, ನಿಮ್ಮ ಎರಡೂ ಉತ್ತರಗಳ ಪ್ರತಿ ಹಾಗೂ 10 ಮತ್ತು 30ನೆಯ ದಿನಗಳ ಮೂಲೆಗಳನ್ನು ಗುರುತಿಸಿದ ಚಿತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಚಂದಾದಾರರು ಮತ್ತು ಗಣಿತ ಶಿಕ್ಷಕಿ