ಕಾಯೋಕೆ ಹೇಳಿದ 48 ಗಂಟೆ ಮುಗಿದು ಮೂರು ದಿನವಾಯ್ತು

ವೆಬ್ ಹೋಸ್ಟಿಂಗ್ ಕಂಪನಿಯ ಗ್ರಾಹಕ ಸೇವಾ ವಿಭಾಗದವರಿಗೆ,

ಹೋದ ಸೋಮವಾರ ಬೆಳಿಗ್ಗೆ ರಿಜಿಸ್ಟ್ರಾರ್ ಪುಟಕ್ಕೆ ಹೋಗಿ, ನನ್ನ ಡೊಮೇನಿಗೆ ನೀವು ಮೇಲ್‌ನಲ್ಲಿ ಕೊಟ್ಟ ಎರಡು ನೇಮ್‌ಸರ್ವರ್ ಹೆಸರು ಹಾಕಿದೆ. ಇವತ್ತು ಶನಿವಾರ. ಹಪ್ಪಳ, ಸಂಡಿಗೆಗೆ ಆರ್ಡರ್ ಬರಬೇಕಾದ ಸೈಟ್ ತೆರೆದರೆ ಈಗಲೂ ಖಾಲಿ ಪುಟ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಒಂದೇ ಉತ್ತರ: "48 ಗಂಟೆ ಕಾಯಿರಿ ಮೇಡಂ, ಪ್ರಾಪಗೇಷನ್ ಆಗ್ತಿದೆ."

ಆ 48 ಗಂಟೆ ಎಲ್ಲಿಂದ ಬಂತು ಅಂತ ನನಗೂ ಗೊತ್ತು. ಡಾಟ್ ಕಾಮ್ ರಿಜಿಸ್ಟ್ರಿ ನೇಮ್‌ಸರ್ವರ್ ದಾಖಲೆಗೆ ಇಟ್ಟಿರುವ ಕ್ಯಾಶ್ ಅವಧಿ, ಟಿಟಿಎಲ್, 172800 ಸೆಕೆಂಡು, ಅಂದರೆ ಎರಡು ದಿನ. ಹಳೇ ಹೆಸರನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡ ರಿಸಾಲ್ವರ್, ಅಂದರೆ ವಿಳಾಸ ಹುಡುಕಿಕೊಡುವ ಸರ್ವರ್, ಅಷ್ಟು ಹೊತ್ತು ಹಳೇದನ್ನೇ ಹೇಳಬಹುದು. ಹೊಸದು ಎಲ್ಲಿಗೂ ಹರಡಿಕೊಂಡು ಹೋಗುವುದಿಲ್ಲ. ಹಳೇ ನೆನಪು ಅಳಿಯಬೇಕು, ಅಷ್ಟೇ. ಸರಿ ಅಂತ ಕಾದೆ. ಬುಧವಾರಕ್ಕೆ ಆ ಗಡುವೂ ಮುಗಿಯಿತು.

ಗುರುವಾರದ ಕರೆ ಮಾತ್ರ ಮರೆಯಲಾರೆ. ನಿಮ್ಮ ಹುಡುಗ ಕುಕೀಸ್ ಅಳಿಸಿ ಅಂದ, ಅಳಿಸಿದೆ. ಮೊಬೈಲ್ ಆಫ್ ಮಾಡಿ ಆನ್ ಮಾಡಿ ಅಂದ. ಮಾತಾಡುತ್ತಿದ್ದದ್ದೇ ಆ ಮೊಬೈಲಿನಲ್ಲಿ! ಕರೆ ಕಟ್ಟಾಗಿ, ಮತ್ತೆ 22 ನಿಮಿಷ ನಿಮ್ಮ ಸಂಗೀತ ಕೇಳಿದೆ. ಆಮೇಲೆ ಸಿಕ್ಕವರು, "ಮನೇಲಿ ಕಂಪ್ಯೂಟರ್ ಗೊತ್ತಿರೋ ಗಂಡಸರು ಯಾರಾದ್ರೂ ಇದ್ದಾರಾ ಮೇಡಂ?" ಅಂದರು. ಇದ್ದಾನೆ, ಎರಡನೇ ಕ್ಲಾಸು, ಕೊಡಲಾ ಅಂದೆ. "ಕೊಡಿ" ಅಂದರು. ಒಂಬತ್ತು ವರ್ಷ ಪಾಲಿಟೆಕ್ನಿಕ್ಕಿನ ನೆಟ್‌ವರ್ಕ್ ಲ್ಯಾಬ್ ನೋಡಿಕೊಂಡವಳು ನಾನು.

ಅವತ್ತು ರಾತ್ರಿ ಯಾವ ಕ್ಯಾಶೂ ಅಡ್ಡ ಬರದಂತೆ ನಿಮ್ಮ ನೇಮ್‌ಸರ್ವರನ್ನೇ ನೇರವಾಗಿ ಕೇಳಿದೆ. (ಇಲ್ಲಿ ಹೆಸರು, ವಿಳಾಸ ಬದಲಿಸಿದ್ದೇನೆ. ಅಸಲಿ ಟಿಕೆಟ್‌ನಲ್ಲಿದೆ, ಯಾರಾದರೂ ತೆರೆದು ನೋಡಿದರೆ.)

```
dig @ns1.example.net example.com A +noall +answer
example.com.  14400  IN  A  192.0.2.10
```

ನೀವೇ ಕಳಿಸಿದ ಮೇಲ್‌ನಲ್ಲಿ ನನ್ನ ಸರ್ವರ್ ವಿಳಾಸ 198.51.100.20. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಆಗಲೂ 14400. ಕ್ಯಾಶ್‌ನಿಂದ ಬಂದ ಉತ್ತರವಾಗಿದ್ದರೆ ಆ ಅಂಕಿ ಇಳಿಯುತ್ತಾ ಹೋಗಬೇಕು, ಅಲ್ವಾ? ಅಂದರೆ ತಪ್ಪು ಕೂತಿರುವುದು ನಿಮ್ಮ ಮನೆಯಲ್ಲೇ. ನನ್ನ ಖಾತೆ ಒಂದು ಸರ್ವರ್‌ನಲ್ಲಿ ತೆರೆದು, ಎ ರೆಕಾರ್ಡಿನಲ್ಲಿ ಇನ್ನೊಂದರ ವಿಳಾಸ ಬರೆದಿದ್ದೀರಿ. ಇದಕ್ಕೆ 48 ವರ್ಷ ಕಾದರೂ ಸೈಟ್ ಬರುವುದಿಲ್ಲ. ನಾನೇ ತಿದ್ದೋಣ ಅಂದರೆ ನನ್ನ ಪ್ಯಾನೆಲ್‌ನಲ್ಲಿ ಆ ಜಾಗಕ್ಕೆ ಬೀಗ ಹಾಕಿದ್ದೀರಿ.

ಆ ಒಂದು ಸಾಲು ತಿದ್ದಿ. ತಿದ್ದಿದ ಮೇಲೂ ತಪ್ಪು ವಿಳಾಸ ಇಟ್ಟುಕೊಂಡ ರಿಸಾಲ್ವರ್‌ಗಳು 14400 ಸೆಕೆಂಡು, ಅಂದರೆ ನಾಲ್ಕು ಗಂಟೆಯವರೆಗೆ ಅದನ್ನೇ ಹೇಳಬಹುದು. ಅಷ್ಟು ಕಾಯಲು ನಾನು ತಯಾರು. ಆಗ ಬೇಕಾದರೆ ಪ್ರಾಪಗೇಷನ್ ಅನ್ನಿ.

ಸೋಮವಾರ ಬೆಳಿಗ್ಗೆ 11ರೊಳಗೆ ತಿದ್ದದಿದ್ದರೆ ನೇಮ್‌ಸರ್ವರ್ ಬೇರೆ ಕಡೆಗೆ ತಿರುಗಿಸುತ್ತೇನೆ. ಕಟ್ಟಿದ ಇಡೀ ವರ್ಷದ ಹಣ ವಾಪಸ್ ಬೇಕು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಅಲ್ಲಿಂದ ಗ್ರಾಹಕ ನ್ಯಾಯಾಲಯಕ್ಕೂ ಹೋಗುತ್ತೇನೆ. ಅಲ್ಲಿ ಕುಕೀಸ್ ಅಳಿಸೋಕೆ ಹೇಳಿ ನೋಡಿ.

ಇಂತಿ,
ನಿಮ್ಮ ಗ್ರಾಹಕಿ (ಸೋಮವಾರದವರೆಗೆ)
ದಾವಣಗೆರೆ