ಆರ್.ಡಿ. ದಂಡಕ್ಕೆ ಇನ್ನು ಮುಂದೆ ಬೇರೆ ರಸೀದಿ

ಆತ್ಮೀಯ ಸದಸ್ಯರೇ,

ನಮಸ್ಕಾರ. 2026ರ ಏಪ್ರಿಲ್ 1ರಿಂದ ನಮ್ಮ ಸಂಘದಲ್ಲಿ ಆರ್.ಡಿ. ಕಂತನ್ನೂ ತಡವಾದ ದಂಡವನ್ನೂ ಒಂದೇ ರಸೀದಿಯಲ್ಲಿ ಬರೆಯುವುದಿಲ್ಲ. ಕಂತಿಗೆ ಒಂದು ರಸೀದಿ, ದಂಡಕ್ಕೆ ಇನ್ನೊಂದು. ಪಾಸ್‌ಬುಕ್‌ನಲ್ಲೂ ದಂಡ ಬೇರೆ ಸಾಲಿನಲ್ಲಿ ಬರುತ್ತದೆ. ಇದೇನು ದೊಡ್ಡ ವಿಷಯ ಅನಿಸಬಹುದು. ಕಾರಣ ಕೇಳಿ.

ಹೂವಿನ ವ್ಯಾಪಾರ ಮಾಡುವ ನಮ್ಮ ಸದಸ್ಯೆಯೊಬ್ಬರು 2023ರ ಜೂನ್‌ನಲ್ಲಿ ತಿಂಗಳಿಗೆ ₹1,000ದಂತೆ 24 ತಿಂಗಳ ಆರ್.ಡಿ. ಶುರು ಮಾಡಿದ್ದರು. ಬಡ್ಡಿ ಶೇ. 8. ಮನೆಯಲ್ಲಿ ಕಾಯಿಲೆ ಬಂದು ಡಿಸೆಂಬರ್, ಜನವರಿ ಎರಡು ಕಂತು ತಪ್ಪಿತು. ಫೆಬ್ರವರಿಯಲ್ಲಿ ಮೂರೂ ಕಂತು ಸೇರಿಸಿ ₹3,000 ಕಟ್ಟಿದರು. ನಮ್ಮಲ್ಲಿ ದಂಡ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ಡಿಸೆಂಬರ್ ಕಂತು ಎರಡು ತಿಂಗಳು ತಡ, ಅದಕ್ಕೆ ₹20. ಜನವರಿಯದು ಒಂದು ತಿಂಗಳು ತಡ, ಅದಕ್ಕೆ ₹10. ಒಟ್ಟು ₹30. ಫೆಬ್ರವರಿಯದು ಅದೇ ತಿಂಗಳು ಕಟ್ಟಿದ್ದು, ಅದಕ್ಕೆ ದಂಡವೇ ಇಲ್ಲ.

ಕೌಂಟರ್‌ನಲ್ಲಿ ಆ ₹30ನ್ನು ಕೇಳಿ ಪಡೆಯಲಿಲ್ಲ. ಕಟ್ಟಿದ ಹಣದಲ್ಲೇ ಮುರಿದುಕೊಂಡರು. ಹಾಗಾಗಿ ಫೆಬ್ರವರಿ ಕಂತಿಗೆ ಉಳಿದದ್ದು ₹970. ಅರ್ಧಂಬರ್ಧ ಕಂತನ್ನು ಕಂಪ್ಯೂಟರ್ ಕಂತು ಅಂತ ಒಪ್ಪುವುದಿಲ್ಲ. ಮಾರ್ಚ್‌ನಲ್ಲಿ ಕಟ್ಟಿದ ಹಣದಿಂದ ಮೊದಲು ಫೆಬ್ರವರಿ ಕಂತು ತುಂಬಿಸಿತು, ಆಗ ಮಾರ್ಚ್ ಕಂತಿಗೆ ಮತ್ತೆ ₹30 ಕಡಿಮೆ. ಹೀಗೆ ಅವರು ಪ್ರತಿ ತಿಂಗಳು ಸರಿಯಾಗಿ ಕಟ್ಟುತ್ತಿದ್ದರೂ ಲೆಕ್ಕದಲ್ಲಿ ಪ್ರತಿ ಕಂತೂ ಒಂದು ತಿಂಗಳು ತಡ. 15 ಕಂತಿಗೆ ಹತ್ತತ್ತು ರೂಪಾಯಿ, ಅಂದರೆ ₹150. ₹30 ಆಗಬೇಕಾದ ದಂಡ ₹180 ಆಗಿ ಕೂತಿತ್ತು.

2025ರ ಜೂನ್‌ನಲ್ಲಿ ಹಣ ಪಡೆಯಲು ಬಂದ ಅವರು ಪಾಸ್‌ಬುಕ್ ಬಿಡಿಸಿ, "ನಾನು ತಪ್ಪಿಸಿದ್ದು ಎರಡೇ ಕಂತು, ಇಷ್ಟು ದಂಡ ಎಲ್ಲಿಂದ ಬಂತು?" ಎಂದು ಕೇಳಿದ್ದಕ್ಕೆ ವಿಷಯ ಗೊತ್ತಾಯಿತು. ತಪ್ಪು ನಮ್ಮದೇ. ಕಡಿಮೆ ಬಿದ್ದಿದ್ದ ₹30 ಕಟ್ಟಿಸಿಕೊಂಡು, ಹೆಚ್ಚು ಹಿಡಿದ ₹150 ವಾಪಸ್ ಮಾಡಿ, ಪೂರ್ತಿ ₹26,091 ಕೊಟ್ಟೆವು. ಆದರೆ ಅವರು ಕೇಳದೇ ಹೋಗಿದ್ದರೆ? ಅದಕ್ಕೇ ಈ ಬದಲಾವಣೆ, ಅದಕ್ಕೇ ಈ ಪತ್ರ.

ನಿಮ್ಮ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ. ಕೊನೆಯ ಬಾಕಿ ಮೊತ್ತ ಮಾತ್ರ ನೋಡಿದರೆ ಸಾಲದು. ಖಾತೆ ತೆರೆದ ತಿಂಗಳನ್ನೂ ಸೇರಿಸಿ ಇಲ್ಲಿಯವರೆಗೆ ಎಷ್ಟು ತಿಂಗಳಾಯಿತು ಎಣಿಸಿ, ಅಷ್ಟು ಕಂತು ಇದೆಯಾ ನೋಡಿ. ಜಮಾ ಕಾಲಂನಲ್ಲಿ 970, 480 ಥರದ ಮುರುಕು ಅಂಕಿ ಕಂಡರೆ ಅಲ್ಲೇ ಗುರುತು ಹಾಕಿ. ಮೇಲೆ ಹೇಳಿದ ತೊಂದರೆ ಶುರುವಾಗುವುದು ಅಲ್ಲಿಂದಲೇ. ಪಿಗ್ಮಿ ಕಲೆಕ್ಟರ್ ಕೈಯಲ್ಲಿ ಕಂತು ಕೊಡುವವರು ರಸೀದಿಯ ತಾರೀಖನ್ನೂ ಪಾಸ್‌ಬುಕ್‌ನ ತಾರೀಖನ್ನೂ ಹೋಲಿಸಿ. ನೀವು 28ಕ್ಕೆ ಕೊಟ್ಟ ಹಣ ಮುಂದಿನ ತಿಂಗಳ 2ಕ್ಕೆ ಜಮಾ ಆಗಿದ್ದರೆ ಆ ದಂಡ ನಿಮ್ಮದಲ್ಲ, ವಾಪಸ್ ಕೊಡುತ್ತೇವೆ.

ಇನ್ನು ಕೊನೆಗೆ ಸಿಗುವ ಮೊತ್ತ. ಇದನ್ನು ಕೈಲೆಕ್ಕದಲ್ಲೇ ಅಂದಾಜು ಮಾಡಬಹುದು. 24 ತಿಂಗಳ ಆರ್.ಡಿ.ಯಲ್ಲಿ ಮೊದಲ ಕಂತಿಗೆ 24 ತಿಂಗಳ ಬಡ್ಡಿ, ಎರಡನೆಯದಕ್ಕೆ 23 ತಿಂಗಳದು, ಕೊನೆಯದಕ್ಕೆ ಒಂದೇ ತಿಂಗಳದು. 24ರಿಂದ 1ರವರೆಗೆ ಕೂಡಿದರೆ 300. ಸಾವಿರ ರೂಪಾಯಿಗೆ ಶೇ. 8ರಂತೆ ಒಂದು ತಿಂಗಳ ಬಡ್ಡಿ ₹6.67. ಅದನ್ನು 300ರಿಂದ ಗುಣಿಸಿದರೆ ಹತ್ತಿರ ಹತ್ತಿರ ₹2,000. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುವುದರಿಂದ ಅದು ₹2,091 ಆಗುತ್ತದೆ. ₹500ರ ಕಂತಿಗೆ ಇದರ ಅರ್ಧ. ನಿಮ್ಮ ಪಾಸ್‌ಬುಕ್‌ನ ಬಡ್ಡಿ ಮೊತ್ತ ಈ ಸಾದಾ ಬಡ್ಡಿಗಿಂತಲೂ ಕಡಿಮೆ ಇದ್ದರೆ ಖಂಡಿತ ಏನೋ ತಪ್ಪಾಗಿದೆ. ಅಂದ ಹಾಗೆ, ಕೊನೆಯ ಕಂತು ಕಟ್ಟಿದ ದಿನವೇ ಅವಧಿ ಮುಗಿಯುವುದಿಲ್ಲ, ಅದಕ್ಕೂ ಒಂದು ತಿಂಗಳು ತುಂಬಬೇಕು.

ಇನ್ನೊಂದು ಮಾತು. ₹1,000ದ ಕಂತು ತಡವಾದರೂ ಆ ಅವಧಿಗೆ ನಾವು ಕೊಡುವ ಬಡ್ಡಿ ತಿಂಗಳಿಗೆ ₹6.67, ನಾವು ಪಡೆಯುವ ದಂಡ ₹10. ಆ ನಷ್ಟ ದಂಡದಲ್ಲೇ ತುಂಬಿಹೋಗುತ್ತದೆ. ಹಾಗಾಗಿ ದಂಡ ಕಟ್ಟಿದವರಿಗೆ ಕೊನೆಯಲ್ಲಿ ಬಡ್ಡಿಯನ್ನೂ ಕಡಿಮೆ ಮಾಡುವಂತಿಲ್ಲ. ಎರಡೂ ಕಡೆ ಕತ್ತರಿಸಿದ್ದು ಕಂಡರೆ ಸಂಕೋಚವಿಲ್ಲದೆ ಕೇಳಿ.

ಅನುಮಾನ ಬಂದವರು ಪಾಸ್‌ಬುಕ್ ಜೊತೆ ನಿಮ್ಮ ಹತ್ತಿರ ಇರುವಷ್ಟು ರಸೀದಿ ತನ್ನಿ. ಎಲ್ಲವೂ ಇರಲೇಬೇಕು ಅಂತಿಲ್ಲ, ನಮ್ಮ ದಿನವಹಿಯಲ್ಲೂ ಹುಡುಕುತ್ತೇವೆ. ಮುಗಿದುಹೋದ ಖಾತೆಗಳ ಪಾಸ್‌ಬುಕ್ ಮನೆಯಲ್ಲಿದ್ದರೆ ಅದನ್ನೂ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ